ಗಾಜಿನ ಸ್ಲ್ಯಾಬ್ ಲೆಕ್ಕ: ನನಗೆ 2.05, ಗೆಳತಿಗೆ 3.07. ಉತ್ತರ ನೋಡದೆ ಯಾವುದು ಸರಿ ಅಂತ ಹೇಳೋದು ಹೇಗೆ?

ಹಾಸನದ ಹುಡುಗಿ · ಸಂಜೆ 7:10

ಎರಡನೇ ಪಿಯುಸಿ. ನಾಳೆ ಬೆಳಿಗ್ಗೆ ಬೆಳಕಿನ ಪಾಠದ ಅಸೈನ್‌ಮೆಂಟ್ ಕೊಡಬೇಕು. ಪ್ರಶ್ನೆ ಇದು: 6 ಸೆಂ.ಮೀ. ದಪ್ಪದ ಗಾಜಿನ ಸ್ಲ್ಯಾಬ್, ವಕ್ರೀಭವನ ಸೂಚ್ಯಂಕ 1.5. ಕಿರಣ 60° ಕೋನದಲ್ಲಿ ಬೀಳುತ್ತದೆ. ಆಚೆ ಕಡೆ ಹೊರಗೆ ಬರುವಾಗ ಮೂಲ ದಾರಿಯಿಂದ ಎಷ್ಟು ಪಕ್ಕಕ್ಕೆ ಸರಿದಿರುತ್ತದೆ?

ನನಗೆ ಸಿಕ್ಕಿದ ಸೂತ್ರ:

```
d = t cos r · sin(i − r)
```

sin r = 0.866/1.5 = 0.577, ಅಂದರೆ r = 35.3°. ಉತ್ತರ 2.05 ಸೆಂ.ಮೀ. ಬಸ್ಸಲ್ಲಿ ಪಕ್ಕ ಕೂತ ಗೆಳತಿಗೆ 3.07 ಬಂದಿದೆ. ಇಬ್ಬರೂ ನಮ್ಮದೇ ಸರಿ ಅಂತ ಹೊಳೆನರಸೀಪುರದಿಂದ ಹಾಸನದ ತನಕ ಜಗಳ ಆಡಿದ್ದೇವೆ.

ನಾನು ಸುಮ್ನೆ ಬರೆದು ಬಿಟ್ಟಿಲ್ಲ, ಪರೀಕ್ಷೆ ಮಾಡಿದ್ದೇನೆ. ಯೂನಿಟ್ ಸೆಂ.ಮೀ. ಬರುತ್ತದೆ. i = 0 ಹಾಕಿದರೆ ಸೊನ್ನೆ. n = 1 ಹಾಕಿದರೆ ಗಾಜೇ ಇಲ್ಲದ ಹಾಗೆ, ಆಗಲೂ ಸೊನ್ನೆ. ಸಣ್ಣ ಕೋನದ ಸೂತ್ರ d = t·i·(n−1)/n ಹಾಕಿದರೆ 2.09. ನನ್ನ 2.05ಕ್ಕೆ ಎಷ್ಟು ಹತ್ತಿರ ನೋಡಿ. ನಾಲ್ಕು ಪರೀಕ್ಷೆ ಪಾಸಾಗಿದೆ. ಕೊಟ್ಟುಬಿಡಲಾ?

ಕನ್ನಡಕ ಅಂಗಡಿ · 7:32

ನಾನು ಹಾಸನದಲ್ಲೇ ಕನ್ನಡಕದ ಕೆಲಸ ಮಾಡುವವನು. ನನ್ನ ಅನುಭವದಲ್ಲಿ ಯೂನಿಟ್ ನೋಡಿದರೆ ಮುಕ್ಕಾಲು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕೆಲಸ ಕಲಿಯಲು ಬಂದ ಹುಡುಗ ಒಬ್ಬ 20 ಸೆಂ.ಮೀ. ಫೋಕಸ್ ಲೆನ್ಸಿಗೆ ಪವರ್ 0.05 ಅಂತ ಬರೆದಿದ್ದ. ಮೀಟರಿಗೆ ಬದಲಾಯಿಸದೆ ಒಂದನ್ನು ಇಪ್ಪತ್ತರಿಂದ ಭಾಗಿಸಿದ್ದಾನೆ. ಅದು +5 ಆಗಬೇಕು. ಅಂಗಡಿಯಲ್ಲಿ ಪವರ್ 0.25ರ ಮೆಟ್ಟಿಲಲ್ಲಿ ಏರುತ್ತದೆ, 0.05 ಅನ್ನೋ ಗ್ಲಾಸೇ ಬರಲ್ಲ. ನೋಡಿದ ಕೂಡಲೇ ಗೊತ್ತಾಯಿತು.

ನಿಮ್ಮದು ಯೂನಿಟ್ ಸರಿ, ಗಾತ್ರವೂ ಸರಿ. 6 ಸೆಂ.ಮೀ. ಗಾಜಲ್ಲಿ 2 ಸೆಂ.ಮೀ. ಸರಿಯೋದು ನಂಬುವ ಮಾತೇ. ಕೊಡಿ.

ಅರಸೀಕೆರೆ ತೆಂಗು · 7:41

ಇದಕ್ಕೆ ಇಷ್ಟೆಲ್ಲ ಯಾಕೆ? ಸೂತ್ರ ಇದೆಯಲ್ಲ, t(1 − 1/n). 6 × (1 − 0.667) = 2 ಸೆಂ.ಮೀ. ಬಾವಿ ತಳ ಮೇಲೆ ಬಂದ ಹಾಗೆ ಕಾಣುತ್ತದಲ್ಲ, ಅದೇ ಲೆಕ್ಕ. ತಂಗಿ, ನಿನ್ನ ಉತ್ತರ ಸರಿ. ಗೆಳತಿಗೆ ಹೇಳು.

ಹಾಸನದ ಹುಡುಗಿ · 7:44

ಥ್ಯಾಂಕ್ಸ್ ಅಣ್ಣ 😊 ಐದನೇ ಪರೀಕ್ಷೆಯೂ ಪಾಸ್!

ಹಳೇ ಮೇಷ್ಟ್ರು · 8:05

ಸ್ವಲ್ಪ ತಡಿ ಮಗೂ, ಈಗಲೇ ಫೈಲಿಗೆ ಹಾಕಬೇಡ.

ಅರಸೀಕೆರೆಯವರು ಹೇಳಿದ್ದು ಬೇರೆ ಪ್ರಶ್ನೆಯ ಉತ್ತರ. ನೇರವಾಗಿ ಮೇಲಿಂದ ನೋಡಿದಾಗ ವಸ್ತು ಎಷ್ಟು ಹತ್ತಿರ ಬಂದ ಹಾಗೆ ಕಾಣುತ್ತದೆ ಅನ್ನೋದು ಅದು. ಅದರಲ್ಲಿ ಕೋನದ ಸುಳಿವೇ ಇಲ್ಲ. 60° ಬದಲು 0° ಕೊಟ್ಟರೂ ಅದು 2 ಅಂತಲೇ ಹೇಳುತ್ತದೆ. ನೆಟ್ಟಗೆ ಬಿದ್ದ ಕಿರಣ ಪಕ್ಕಕ್ಕೆ ಸರಿಯೋದಿಲ್ಲ ಅಂತ ನೀನೇ ಬರೆದಿದ್ದೀಯ. ಹಾಗಾಗಿ ಅದು ನಿನ್ನ ಉತ್ತರಕ್ಕೆ ಸಾಕ್ಷಿ ಅಲ್ಲ. ಸಂಖ್ಯೆ ಹತ್ತಿರ ಬಂದದ್ದು ಕಾಕತಾಳೀಯ.

ಈಗ ನಿನಗೊಂದು ಪ್ರಶ್ನೆ. i ಅನ್ನು 0ಗೆ ಇಳಿಸಿ ನೋಡಿದೆ. ಇನ್ನೊಂದು ತುದಿಗೆ ಏರಿಸಿ ನೋಡಿದೆಯಾ? 90°ಗೆ ಏನಾಗಬೇಕು? ಸೂತ್ರ ಪಕ್ಕಕ್ಕಿಡು. ಒಂದು ಚಿತ್ರ ಬರಿ, ಚಿತ್ರ ನೋಡಿಕೊಂಡೇ ಹೇಳು.

ಹಾಸನದ ಹುಡುಗಿ · 8:21

ಬರೆದೆ ಸರ್. 90° ಅಂದರೆ ಕಿರಣ ಗಾಜಿನ ಮುಖವನ್ನು ಸವರಿಕೊಂಡು ಬರುತ್ತದೆ. ಒಳಗೆ ಹೋಗಿ ಬಗ್ಗುತ್ತದೆ. ಆಚೆ ಮುಖದಲ್ಲಿ ಹೊರಗೆ ಬರುವಾಗ ಮತ್ತೆ ಅದೇ ಕೋನ, ಅಂದರೆ ಆ ಮುಖವನ್ನು ಸವರಿಕೊಂಡು ಹೋಗುತ್ತದೆ. ಹಾಗಾದರೆ ಒಂದು ಗೆರೆ ಈ ಮುಖದ ಮೇಲೆ, ಇನ್ನೊಂದು ಆ ಮುಖದ ಮೇಲೆ. ನಡುವಿನ ದೂರ ಗಾಜಿನ ದಪ್ಪವೇ. 6 ಸೆಂ.ಮೀ.

ನನ್ನ ಸೂತ್ರಕ್ಕೆ 90° ಹಾಕಿದೆ. sin(90 − r) ಅಂದರೆ cos r. ಒಟ್ಟು t cos²r. ಅದು 6 × (1 − 1/2.25) = 3.33.

6 ಬರಬೇಕಿತ್ತು. 😟

ಮೂಡಿಗೆರೆ ಮಳೆ · 8:30

ನಾನು ಬಿಎಸ್ಸಿ ಎರಡನೇ ವರ್ಷ. ಕ್ಷಮಿಸಿ ಸರ್, ಈ ಪರೀಕ್ಷೆ ನನಗೆ ಒಪ್ಪಿಗೆ ಇಲ್ಲ. 90°ನಲ್ಲಿ ಬೆಳಕು ಒಳಗೇ ಹೋಗಲ್ಲ. ಪೂರ್ತಿ ಪ್ರತಿಫಲನ ಆಗುತ್ತದೆ ಅಂತ ಫ್ರೆನೆಲ್ ಸಮೀಕರಣವೇ ಹೇಳುತ್ತದೆ. ಇಲ್ಲದ ಕಿರಣ 6 ಸೆಂ.ಮೀ. ಸರಿಯುತ್ತದೆ ಅಂತ ಹೇಳಿ, ಅದನ್ನಿಟ್ಟುಕೊಂಡು ಒಂದು ಸೂತ್ರವನ್ನು ತಪ್ಪು ಅನ್ನೋದು ಹೇಗೆ?

ಹಳೇ ಮೇಷ್ಟ್ರು · 8:48

ಒಳ್ಳೆ ಆಕ್ಷೇಪ. ಅರ್ಧ ನಿಜವೂ ಹೌದು. ಸರಿಯಾಗಿ 90°ಗೆ ಏನೂ ಒಳಗೆ ಹೋಗಲ್ಲ. ಆದರೆ ಎಷ್ಟು ಬೆಳಕು ಹೋಗುತ್ತದೆ ಅನ್ನೋದು ಒಂದು, ಹೋದದ್ದು ಯಾವ ದಾರಿ ಹಿಡಿಯುತ್ತದೆ ಅನ್ನೋದು ಇನ್ನೊಂದು. ನಮ್ಮ ಸೂತ್ರ ದಾರಿಯದ್ದು ಮಾತ್ರ.

90 ಬೇಡ, 89 ತಗೊಳ್ಳಿ. ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮೊದಲ ಮುಖದಲ್ಲೇ ವಾಪಸ್ ಹೋಗುತ್ತದೆ, ಒಂದು ಪಾಲು ಒಳಗೆ ಹೋಗುತ್ತದೆ. ಮಂಕಾಗಿರುತ್ತದೆ, ಆದರೆ ಇರುತ್ತದೆ. ಆ ಕಿರಣ 5.9 ಸೆಂ.ಮೀ. ಸರಿದಿರುತ್ತದೆ. 89.9ಕ್ಕೆ 6ಕ್ಕೆ ಇನ್ನೂ ಹತ್ತಿರ. ಮಿತಿ ಅಂದರೆ ಅದೇ. ಆ ಬಿಂದುವಿನಲ್ಲಿ ನಿಲ್ಲಬೇಕಿಲ್ಲ, ಹತ್ತಿರ ಹೋಗ್ತಾ ಹೋಗ್ತಾ ಎತ್ತ ಕಡೆ ಸಾಗುತ್ತಿದೆ ಅಂತ ನೋಡಿದರೆ ಸಾಕು. ಹುಡುಗಿಯ ಸೂತ್ರ 3.33ರ ಕಡೆ ಸಾಗುತ್ತದೆ. ಚಿತ್ರ 6ರ ಕಡೆ.

ಕನ್ನಡಕ ಅಂಗಡಿ · 8:55

ಮೇಷ್ಟ್ರೇ, ಹಾಗಾದರೆ ಉಳಿದ ನಾಲ್ಕು ಪರೀಕ್ಷೆ ಹೇಗೆ ಪಾಸಾಯಿತು? ಒಂದಾದರೂ ಹಿಡಿಯಬೇಕಿತ್ತಲ್ಲ.

ಹಳೇ ಮೇಷ್ಟ್ರು · 9:20

ಇದನ್ನೇ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಇಲ್ಲಿ ಕರೆಂಟ್ ಬೇರೆ ಹೋಗಿದೆ, ಫೋನಲ್ಲಿ ಬರೆಯುತ್ತಿದ್ದೇನೆ. ತಡವಾದರೆ ಬೇಜಾರು ಮಾಡ್ಕೋಬೇಡಿ.

ಹುಡುಗಿಯ ತಪ್ಪು ಇರೋದು cos r ಎಲ್ಲಿ ಕೂತಿದೆ ಅನ್ನೋದರಲ್ಲಿ. ಕೆಳಗೆ ಇರಬೇಕಾದದ್ದು ಮೇಲೆ ಕೂತಿದೆ. ಅದಕ್ಕೆ ಯೂನಿಟ್ ಇಲ್ಲ. ಹಾಗಾಗಿ ಮೇಲೆ ಇಟ್ಟರೂ ಕೆಳಗೆ ಇಟ್ಟರೂ ಸೆಂ.ಮೀ.ಗೆ ಸೆಂ.ಮೀ. ಬರುತ್ತದೆ. ನೀವು ಹೇಳಿದ ಪವರಿನ ತಪ್ಪನ್ನು ಯೂನಿಟ್ ಹಿಡಿಯುತ್ತದೆ. ಈ ಜಾತಿ ತಪ್ಪು ಅದರ ಕಣ್ಣಿಗೇ ಬೀಳಲ್ಲ.

ಇನ್ನು i = 0. ಅಲ್ಲಿ r ಕೂಡ 0, cos r = 1. ಒಂದರಿಂದ ಗುಣಿಸಿದರೇನು, ಭಾಗಿಸಿದರೇನು? n = 1 ಹಾಕಿದಾಗ sin(i − r) ಸೊನ್ನೆ. ಅದರ ಪಕ್ಕ cos r ಎಲ್ಲಿದ್ದರೂ ಒಟ್ಟು ಸೊನ್ನೆ. ಇನ್ನೊಂದು ನಾನೇ ಮಾಡಿ ನೋಡಿದೆ. n ಅನ್ನು ಸಿಕ್ಕಾಪಟ್ಟೆ ದೊಡ್ಡದು ಮಾಡಿದರೆ r = 0, ಕಿರಣ ಒಳಗೆ ನೆಟ್ಟಗೆ ಹೋಗುತ್ತದೆ, d = t sin i ಬರಬೇಕು. ತಪ್ಪು ಸೂತ್ರ ಅದನ್ನೂ ಸರಿಯಾಗಿ ಹೇಳುತ್ತದೆ! ಅಲ್ಲೂ cos r ಒಂದೇ.

ಅಂದರೆ ಈ ಪರೀಕ್ಷೆಗಳೆಲ್ಲ ನಡೆದದ್ದು cos r ಏನೂ ಕೆಲಸ ಮಾಡದ ಜಾಗದಲ್ಲಿ. ಯಾವ ಅಂಶದ ಮೇಲೆ ನಿಮಗೆ ಅನುಮಾನವೋ ಅದು ಒಂದರಿಂದ ದೂರ ಹೋಗುವ ಮಿತಿ ಹುಡುಕಬೇಕು. ಇಲ್ಲಿ r ಅತಿ ದೊಡ್ಡದಾಗೋದು i = 90ರಲ್ಲಿ, 41.8° ಆಗುತ್ತದೆ. ಅದಕ್ಕೇ ಅಲ್ಲಿಗೆ ಕಳಿಸಿದೆ.

ಹಾಸನದ ಹುಡುಗಿ · 9:33

ಸಿಕ್ಕಿತು ಸರ್ ತಪ್ಪು! ಗಾಜಿನೊಳಗೆ ಕಿರಣ ಓಡುವ ಓರೆ ಗೆರೆ ಇದೆಯಲ್ಲ, ಅದರ ಉದ್ದ t cos r ಅಂತ ಬರೆದುಬಿಟ್ಟಿದ್ದೆ. ಆ ತ್ರಿಕೋನದಲ್ಲಿ ಓರೆ ಗೆರೆಯೇ ಕರ್ಣ. ದಪ್ಪ ಅದರ ಪಕ್ಕದ ಬಾಹು. ಹಾಗಾಗಿ t/cos r.

```
d = t sin(i − r) / cos r
```

60°ಗೆ 6 × 0.4185/0.8165 = 3.07 ಸೆಂ.ಮೀ. 90°ಗೆ cos r/cos r, ಅಂದರೆ 6. ಗೆಳತಿ ಗೆದ್ದಳು. ನಾಳೆ ಬಸ್ಸಲ್ಲಿ ನನ್ನ ಕಥೆ ಮುಗೀತು.

ಈಗ ನೋಡಿದರೆ ನಾಚಿಕೆ ಆಗುತ್ತದೆ. t cos r ಅಂದರೆ 4.9 ಸೆಂ.ಮೀ. 6 ಸೆಂ.ಮೀ. ದಪ್ಪದ ಗಾಜನ್ನು ಓರೆಯಾಗಿ ದಾಟುವ ಗೆರೆ 4.9 ಹೇಗಾಗುತ್ತದೆ? ಆ ಸಾಲಲ್ಲೇ ನಿಂತು ನೋಡಿದ್ದರೆ ಮುಂದಿನದ್ದೇನೂ ಬೇಕಿರಲಿಲ್ಲ.

ಆದರೆ ಒಂದು ಇನ್ನೂ ಅರ್ಥ ಆಗಿಲ್ಲ. ಸಣ್ಣ ಕೋನದ ಸೂತ್ರ 2.09 ಯಾಕೆ ಕೊಟ್ಟಿತು? ಅದು ಪುಸ್ತಕದ್ದೇ ಸೂತ್ರ.

ಮೂಡಿಗೆರೆ ಮಳೆ · 9:50

ಇದು ನಾನು ಹೇಳ್ತೀನಿ. 60° ಅಂದರೆ ರೇಡಿಯನ್‌ನಲ್ಲಿ 1.05. ಅದು ಸಣ್ಣ ಕೋನ ಅಲ್ಲವೇ ಅಲ್ಲ. ಅಂದಾಜಿಗೆ ಬಳಸುವ ಸೂತ್ರವನ್ನು ಅದು ನಡೆಯದ ಜಾಗದಲ್ಲಿ ಬಳಸಿ, ಅದರಿಂದ ಉತ್ತರವನ್ನು ಅಳೆದ ಹಾಗಾಯಿತು.

10°ಗೆ ಮೂರನ್ನೂ ಹಾಕಿ ನೋಡಿದೆ. ಸರಿ ಸೂತ್ರ 0.353 ಸೆಂ.ಮೀ., ತಪ್ಪು ಸೂತ್ರ 0.348, ಸಣ್ಣ ಕೋನದ್ದು 0.349. ಸ್ಕೇಲಿನಲ್ಲಿ ಮೂರೂ ಒಂದೇ. 60°ಗೆ ಬಂದರೆ 3.07, 2.05, 2.09. ಸರಿ ಸೂತ್ರ ಮೇಲಕ್ಕೆ ಹಾರಿದೆ, ಇನ್ನೆರಡು ಜೊತೆಜೊತೆಯಾಗಿ ಉಳಿದಿವೆ. ಅವೆರಡು ಯಾಕೆ ಇಷ್ಟು ದೂರ ಜೊತೆಗೇ ಬಂದವು ಅನ್ನೋದು ನನಗೂ ಮಜಾ ಅನ್ನಿಸಿತು. ಬೇರೆ n ಹಾಕಿ ನೋಡಬೇಕು.

ನನ್ನದೂ ಒಂದು ಕೇಸ್ ಇದೆ, ಇಲ್ಲೇ ಹೇಳಿಬಿಡ್ತೀನಿ. ಲ್ಯಾಬಲ್ಲಿ ನ್ಯೂಟನ್ ಉಂಗುರ ಮಾಡುವಾಗ ಮೈಕ್ರೋಸ್ಕೋಪಿನಲ್ಲಿ ವ್ಯಾಸ ಓದಿಕೊಂಡೆ. ಲೆಕ್ಕದಲ್ಲಿ ತ್ರಿಜ್ಯದ ಸೂತ್ರ ಹಾಕಿದೆ. ಕೆಳಗಿನ 4 ಬಿಟ್ಟುಹೋಯಿತು. ಲೆನ್ಸಿನ ವಕ್ರತಾ ತ್ರಿಜ್ಯ 4 ಮೀಟರ್ ಚಿಲ್ಲರೆ ಬಂತು. ಮೀಟರೇ ಬಂದಿದೆ, ಸರಿ ಅಂತ ರೆಕಾರ್ಡಿಗೆ ಬರೆದೆ. ಸ್ಫೆರೋಮೀಟರ್ ಇಟ್ಟು ನೋಡಿದಾಗ 1 ಮೀಟರ್ ಹತ್ತಿರ. ಅವತ್ತು ರೆಕಾರ್ಡ್ ಪುಟ ಪೂರ್ತಿ ಮತ್ತೆ ಬರೆಸಿದರು.

ಕನ್ನಡಕ ಅಂಗಡಿ · 9:58

ಅದನ್ನು ಅಂದಾಜಿನಲ್ಲೇ ಹಿಡಿಯಬಹುದಿತ್ತಲ್ಲ?

ಮೂಡಿಗೆರೆ ಮಳೆ · 10:04

ಹೇಗೆ ಅಣ್ಣ? ಬರಿ ಕಣ್ಣಲ್ಲಿ ನೋಡಿ 1 ಮೀಟರಾ 4 ಮೀಟರಾ ಅಂತ ನನಗಂತೂ ಗೊತ್ತಾಗಲ್ಲ. 400 ಮೀಟರ್ ಬಂದಿದ್ದರೆ ಅನುಮಾನ ಬರ್ತಿತ್ತು. ನಾಲ್ಕು ಪಟ್ಟು ಅನ್ನೋದು ಅಂದಾಜಿನ ಜರಡಿಯಲ್ಲಿ ಸೋರಿಹೋಗುತ್ತದೆ.

ಕನ್ನಡಕ ಅಂಗಡಿ · 10:06

ನನಗೆ ಗೊತ್ತಾಗುತ್ತದೆ. ಇಪ್ಪತ್ತು ವರ್ಷದಿಂದ ಗ್ಲಾಸ್ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೇನೆ 😄

ಕಾಫಿ ಕಣ · 10:40

ಚಿಕ್ಕಮಗಳೂರಿನಿಂದ. ಇಲ್ಲೂ ಕರೆಂಟ್ ಇಲ್ಲ, ಮಗನ ಲೇಸರ್ ಪೆನ್ ಇತ್ತು. ನೀವು ಕಾಗದದಲ್ಲಿ ಜಗಳ ಆಡುವಾಗ ನಾನು ಮಾಡಿಯೇ ನೋಡೋಣ ಅಂತ ಹೊರಟೆ.

ಅಡುಗೆಮನೆಯಲ್ಲಿ ನೆಟ್ಟನೆ ಗೋಡೆಯ ತೆಳು ಪ್ಲಾಸ್ಟಿಕ್ ಡಬ್ಬ ಇತ್ತು, ಮಿಕ್ಸ್ಚರ್ ಹಾಕುವುದು. ಅಗಲ 10 ಸೆಂ.ಮೀ. ನೀರು ತುಂಬಿ ಎರಡು ಹನಿ ಹಾಲು ಬಿಟ್ಟೆ. ಒಳಗೆ ಕೆಂಪು ಗೆರೆ ಚೆನ್ನಾಗಿ ಕಾಣಿಸಿತು. ಡಬ್ಬವನ್ನು ಗೋಡೆಗೆ ಸಮಾನಾಂತರವಾಗಿ ಇಟ್ಟು, ಮಗನ ಕೋನಮಾಪಕದಲ್ಲಿ 60° ಗೆರೆ ಹಾಕಿ ಲೇಸರ್ ಬಿಟ್ಟೆ. ಗೋಡೆ ಮೇಲೆ ಚುಕ್ಕೆ ಗುರುತು ಮಾಡಿದೆ. ಡಬ್ಬ ತೆಗೆದು ಇನ್ನೊಂದು ಗುರುತು.

ನೀರಿಗೆ 1.33 ಹಾಕಿದರೆ ಸರಿ ಸೂತ್ರ 4.4 ಸೆಂ.ಮೀ. ಅನ್ನುತ್ತದೆ, ತಪ್ಪು ಸೂತ್ರ 2.5. ನನಗೆ ಬಂದದ್ದು 8.3!! ಎರಡೂ ಅಲ್ಲ. ಮೇಷ್ಟ್ರೇ, ಈಗ ಏನು ಹೇಳ್ತೀರಿ?

ಅರಸೀಕೆರೆ ತೆಂಗು · 10:46

ಹಾಲು ಜಾಸ್ತಿ ಆಯ್ತು ಅನ್ಸುತ್ತೆ.

ಹಳೇ ಮೇಷ್ಟ್ರು · 11:02

ಎರಡು ಹನಿ ಹಾಲಿಗೆ 4 ಸೆಂ.ಮೀ. ಸರಿಯಲ್ಲ, ತೆಂಗಿನವರೇ.

ಕಾಫಿ ಕಣ ಅವರೇ, ನೀವು ಸ್ಕೇಲನ್ನು ಯಾವ ದಿಕ್ಕಿಗೆ ಇಟ್ಟಿರಿ? ಗೋಡೆಯ ಉದ್ದಕ್ಕೆ ಅಲ್ವಾ? ಕಿರಣ ಗೋಡೆಗೆ 60° ಓರೆಯಾಗಿ ಬಂದು ಬೀಳುತ್ತಿದೆ. ಸೂತ್ರದ d ಎರಡು ಕಿರಣಗಳ ನಡುವೆ ಅಡ್ಡಲಾಗಿ ಅಳೆದ ದೂರ. ಗೋಡೆ ಮೇಲೆ ಅದು ಹಿಗ್ಗುತ್ತದೆ, 1/cos 60, ಅಂದರೆ ಎರಡು ಪಟ್ಟು. ನಿಮ್ಮ 8.3ರ ಅರ್ಧ 4.15.

ಕಾಫಿ ಕಣ · 11:09

ಅಯ್ಯೋ ಹೌದು. ಗೋಡೆ ಉದ್ದಕ್ಕೇ ಇಟ್ಟಿದ್ದು. 4.15 ಆದರೆ 2.5 ಅಂತೂ ಖಂಡಿತ ಅಲ್ಲ. ಆದರೂ 4.4 ಯಾಕಿಲ್ಲ?

ಮೂಡಿಗೆರೆ ಮಳೆ · 11:20

ಅಯ್ಯೋ ಸರ್, ಒಂದು ನಿಮಿಷ. ಗೋಡೆ ಮೇಲಿನ ದೂರದ ಸೂತ್ರ t(tan i − tan r) ಆಗುತ್ತದೆ. ಇದಕ್ಕೆ 90° ಹಾಕಿದರೆ ಅನಂತ! ನೀವು 90ಕ್ಕೆ t ಬರಬೇಕು ಅಂದಿರಿ. ಹಾಗಾದರೆ ಇದು ತಪ್ಪಾ?

ಹಳೇ ಮೇಷ್ಟ್ರು · 11:34

ತಪ್ಪಲ್ಲ. ಗೋಡೆಗೆ ಸವರಿಕೊಂಡು ಹೋಗುವ ಕಿರಣ ಗೋಡೆಯನ್ನು ಮುಟ್ಟೋದು ಎಷ್ಟೋ ದೂರದಲ್ಲಿ. ಗುರುತುಗಳೂ ಅಷ್ಟೇ ದೂರ ದೂರ ಬೀಳಬೇಕು. ಈ ದೂರಕ್ಕೆ ಅನಂತವೇ ಸರಿಯಾದ ಮಿತಿ, ಆ ದೂರಕ್ಕೆ t. ನಿನ್ನಂಥವರೇ ಪರೀಕ್ಷೆಯಲ್ಲಿ ಕೆಳಗೆ cos r ಬದಲು cos i ಬರೆದು ಬರುತ್ತಾರೆ. 90ಕ್ಕೆ ಅದೂ ಅನಂತಕ್ಕೆ ಹಾರುತ್ತದೆ. ಅಲ್ಲಿ ಕೇಳಿದ್ದು ಅಡ್ಡ ದೂರ ಆದ್ದರಿಂದ ಅದು ತಪ್ಪು. ಯಾವ ದೂರ ಕೇಳಿದ್ದಾರೆ ಅಂತ ಗೊತ್ತಿಲ್ಲದೆ ಮಿತಿ ನೋಡಿ ಪ್ರಯೋಜನ ಇಲ್ಲ.

4.15ರ ವಿಷಯ. ಕೋನ 60 ಬದಲು 59 ಆಗಿದ್ದರೆ ಗೋಡೆ ಮೇಲೆ 8.7 ಬದಲು 8.2 ಬರುತ್ತದೆ. ಒಂದು ಡಿಗ್ರಿಗೆ ಅರ್ಧ ಸೆಂ.ಮೀ. ಮಗನ ಕೋನಮಾಪಕದಲ್ಲಿ, ಕತ್ತಲಲ್ಲಿ, ಒಂದು ಡಿಗ್ರಿ ತಪ್ಪೋದು ದೊಡ್ಡ ಮಾತಲ್ಲ.

ಕಾಫಿ ಕಣ · 11:41

ಕೋನ ನಾನು ಸರಿಯಾಗೇ ಇಟ್ಟಿದ್ದೆ ಅನ್ನಿಸುತ್ತದೆ. ನೀರು ತುಂಬಿದ ಮೇಲೆ ಡಬ್ಬ ಸ್ವಲ್ಪ ಉಬ್ಬಿತ್ತು, ಅದರಿಂದಲೂ ಇರಬಹುದು.

ಮೂಡಿಗೆರೆ ಮಳೆ · 11:45

ಉಬ್ಬಿದರೆ ಅಗಲ 10ಕ್ಕಿಂತ ಜಾಸ್ತಿ ಆಗುತ್ತದೆ, ಚುಕ್ಕೆ ಇನ್ನೂ ದೂರ ಹೋಗಬೇಕಿತ್ತು. ನಿಮಗೆ ಕಮ್ಮಿ ಬಂದಿದೆ.

ಕಾಫಿ ಕಣ · 11:47

ಉಬ್ಬಿದ ಮುಖ ಸಮಾನಾಂತರ ಇರಲ್ಲವಲ್ಲ, ಕಿರಣವೇ ಬೇರೆ ಕಡೆ ಬಗ್ಗಿರಬಹುದು. ನಾಳೆ ಗಾಜಿನ ತೊಟ್ಟಿ ಸಿಕ್ಕರೆ ಮತ್ತೆ ಮಾಡ್ತೀನಿ. ಈಗ ಹಾಲು ನೀರು ಚೆಲ್ಲಿ ಮಲಗದಿದ್ದರೆ ಮನೆಯವಳು ಬೈತಾಳೆ.

ಹಾಸನದ ಹುಡುಗಿ · 11:52

ಎಲ್ಲರಿಗೂ ಥ್ಯಾಂಕ್ಸ್. ನೀಟಾಗಿ ಬರೆದು ಮುಗಿಸಿದೆ. ಪಕ್ಕದಲ್ಲಿ 90°ಯ ಚಿತ್ರವನ್ನೂ ಹಾಕಿದ್ದೇನೆ. ಕೊನೇ ಪ್ರಶ್ನೆ ಸರ್: 3.07 ಅಂತ ಬರೆಯಲಾ, 3.1 ಅಂತಲಾ?

ಹಳೇ ಮೇಷ್ಟ್ರು · ಬೆಳಿಗ್ಗೆ 5:50

ನಿದ್ದೆ ಬಂದುಬಿಟ್ಟಿತ್ತು ಮಗೂ. n = 1.5 ಅಂತಷ್ಟೇ ಕೊಟ್ಟಿದ್ದಾರೆ. 1.45 ಇದ್ದರೆ 2.96, 1.55 ಇದ್ದರೆ 3.18. ಕೊನೆಯ 7ಕ್ಕೆ ಏನು ಬೆಲೆ ಇದೆ? ನಾನಾದರೆ 3.1 ಬರೆಯುತ್ತೇನೆ.

ಮೂಡಿಗೆರೆ ಮಳೆ · 6:15

ಸರ್, ಉತ್ತರ ಪಟ್ಟಿಯಲ್ಲಿ 3.07 ಅಂತ ಇದ್ದರೆ ಅರ್ಧ ಮಾರ್ಕ್ ಹೋಗುತ್ತೆ. ತಂಗಿ, 3.07 ಬರೆದು ಪಕ್ಕದಲ್ಲಿ ಸುಮಾರು 3.1 ಅಂತ ಹಾಕು.

ಹಾಸನದ ಹುಡುಗಿ · 7:05

ಬಸ್ ಹತ್ತಿದೆ. ಗೆಳತಿ ಹತ್ತುವ ಸ್ಟಾಪ್ ಬರುವಷ್ಟರಲ್ಲಿ ಯೋಚನೆ ಮಾಡ್ತೀನಿ.